ಹೊಸ ಗ್ರೀಸ್ ಕ್ಲೀನರ್: ಮುಟ್ಟುವ ಮುಂಚೆ ಓದಿ

ಎಲ್ಲರ ಗಮನಕ್ಕೆ: ಹೊಸ ಕ್ಯಾನ್‌ನಲ್ಲಿರುವುದು ಕಾಸ್ಟಿಕ್ ಸೋಡಾ. ಅದರ ಸೇಫ್ಟಿ ಡೇಟಾ ಶೀಟ್ ಗೋಡೆಗೆ ಅಂಟಿಸಿದ್ದೇನೆ. 16 ಭಾಗಗಳಿವೆ, ಸದ್ಯಕ್ಕೆ 2, 4, 7, 10 ಓದಿದರೆ ಸಾಕು.

2ರಲ್ಲಿ H314 ಅಂತಿದೆ, ಅಂದರೆ ಚರ್ಮ, ಕಣ್ಣು ಸುಡುತ್ತದೆ. ಕೈಗೆ ತಾಗಿದಾಗ ಮೊದಲು ಉರಿಯದೆ ಸೋಪಿನ ಹಾಗೆ ಜಾರಬಹುದು. ಉರಿ ಬರಲಿ ಅಂತ ಕಾಯಬೇಡಿ, ಕೂಡಲೇ ತೊಳೆಯಿರಿ. ಕಣ್ಣಿಗೆ ಸಿಡಿದರೆ ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15 ನಿಮಿಷ ನೀರು ಹಾಯಿಸಿ, ಆಮೇಲೆ ಶೀಟ್ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ. ನುಂಗಿದರೆ ವಾಂತಿ ಮಾಡಿಸಬೇಡಿ.

ಜಾಸ್ತಿ ಜನ ಬಿಟ್ಟುಬಿಡುವುದು 10ನೇ ಭಾಗ. ಅಲ್ಯೂಮಿನಿಯಂ ಟ್ರೇಗೆ ಸುರಿದರೆ ಗುಳ್ಳೆ ಏಳುತ್ತದಲ್ವಾ, ಅದು ಹೈಡ್ರೋಜನ್. ಹತ್ತಿಕೊಳ್ಳಲು ಗ್ರೈಂಡರ್ ಕಿಡಿ ಸಾಕು. ಪ್ಲಾಸ್ಟಿಕ್ ಟ್ರೇ ಬಳಸಿ. ಕ್ಯಾನ್ ಮುಚ್ಚಿ, ಆಸಿಡ್‌ನಿಂದ ದೂರ, ಕೆಳಗಿನ ಹಲಗೆಯಲ್ಲಿ ಇಡಿ. ಕುಡಿಯುವ ನೀರಿನ ಬಾಟಲಿಗೆ ಮಾತ್ರ ತುಂಬಲೇಬೇಡಿ.