ಕೊಡೆ ಕಳ್ಳನಿಗೊಂದು ಪತ್ರ

ಮಾರಾಯ,

ಇದನ್ನು ಫೋನಲ್ಲೇ ಹೇಳಬಹುದಿತ್ತು. ಆದರೆ ನೀನು ನಗ್ತೀಯ. ನಾಲ್ಕು ಜನರೆದುರು ಬರೆದರೆ ಸ್ವಲ್ಪ ಮರ್ಯಾದೆಯಿಂದ ನಗ್ತೀಯ ಅಂತ ಇಲ್ಲಿ ಬರೀತಿದ್ದೇನೆ.

ಜೂನ್‌ನಲ್ಲಿ ನೀನು ತೀರ್ಥಹಳ್ಳಿಗೆ ಬಂದಾಗ ಅಂಗಡಿ ಹೇಗಿತ್ತು ನೋಡಿದೆಯಲ್ಲ. ಮಳೆ ಹಿಡಿಯುವ ಮೊದಲು ತೋಟಕ್ಕೆ ಔಷಧಿ ಹೊಡೆಯದಿದ್ದರೆ ಅಡಿಕೆಗೆ ಕೊಳೆ. ನೂರು ಲೀಟರ್ ಬೋರ್ಡೋ ದ್ರಾವಣಕ್ಕೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಊರೆಲ್ಲ ಒಂದೇ ಸಲ ಬಂದು ನಿಂತಿತ್ತು. ಆ ತಿಂಗಳ ವ್ಯಾಪಾರ 8,40,000 ರೂಪಾಯಿ. ಆ ಖುಷಿಯಲ್ಲೇ ಅವತ್ತು ರಾತ್ರಿ ನಿಮ್ಮೆಲ್ಲರ ಬಿಲ್ಲು ಕೊಟ್ಟದ್ದು.

ಮೊನ್ನೆ ಕರೆಂಟಿರಲಿಲ್ಲ, ಗಿರಾಕಿಯೂ ಇರಲಿಲ್ಲ. ಸುಮ್ನೆ ಪುಸ್ತಕ ತೆಗೆದೆ. ಮೈಲುತುತ್ತ ತಂದದ್ದು ಕೆಜಿಗೆ 275, ಮಾರಿದ್ದು 282. ಏಳು ರೂಪಾಯಿ ಉಳೀತು ಅಂದುಕೊಂಡಿದ್ದೆ. ಲಾರಿ ಬಾಡಿಗೆ, ಹಮಾಲಿ ಎರಡನ್ನೂ ಬೇರೆ ಪುಟದಲ್ಲಿ ಬರೆದಿಟ್ಟಿದ್ದೆ ನೋಡು. ಹಂಚಿ ಹಾಕಿದರೆ ಕೆಜಿಗೆ ಐದು ರೂಪಾಯಿ. ಉಳಿದದ್ದು ಎರಡು! ಎರಡು ಸಾವಿರ ಕೆಜಿ ತೂಗಿ, ಕೈಯೆಲ್ಲ ನೀಲಿ ಮಾಡಿಕೊಂಡು ದುಡಿದದ್ದು ನಾಲ್ಕು ಸಾವಿರ. ಟಾರ್ಪಾಲು, ಕೊಡೆ, ಪೈಪು ಎಲ್ಲ ಸೇರಿ 38,000 ಕೊಟ್ಟವು. ಒಟ್ಟು 42,000. ಅಂಗಡಿ ಬಾಡಿಗೆ, ಹುಡುಗರಿಬ್ಬರ ಸಂಬಳ, ಕರೆಂಟು, ಬ್ಯಾಂಕಿನ ಬಡ್ಡಿ ಕೂಡಿಸಿದರೆ 47,000. ಐದು ಸಾವಿರ ಕೈಯಿಂದಲೇ ಹೋಗಿದೆ. ತಂಡಿಗೆ ಅರಳಿ ಪುಡಿಯಾದ ಸುಣ್ಣದ ಚೀಲಗಳನ್ನು ಇನ್ನೂ ಲೆಕ್ಕಕ್ಕೇ ಹಿಡಿದಿಲ್ಲ.

ಗಿರಾಕಿಯೇ ಇಲ್ಲದ ಫೆಬ್ರವರಿಯಲ್ಲಿ ಹತ್ತು ಸಾವಿರ ಉಳಿದಿತ್ತು. ಆ ತಿಂಗಳು ನಾನು ಸಪ್ಪೆ ಮುಖ ಹಾಕಿಕೊಂಡು ಕೂತಿದ್ದೆ.

ಆಮೇಲೆ ಉದ್ರಿ ಪುಟ. ಮೈಲುತುತ್ತ ಒಯ್ದವರಲ್ಲಿ ಅರ್ಧಕ್ಕರ್ಧ ಜನ "ಅಡಿಕೆ ಕೊಯ್ಲಾಗಲಿ" ಅಂದವರು. ಮಾಲು ತರಿಸಿದ್ದು ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದಲ್ಲಿ, ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ. 282 ರೂಪಾಯಿ ಒಂದು ತಿಂಗಳು ಹೊರಗೆ ನಿಂತರೆ ಬಡ್ಡಿಯೇ ಎರಡೂ ಮುಕ್ಕಾಲು. ಅಂದರೆ ಜುಲೈ ಮುಗಿಯುವುದರೊಳಗೆ ನನ್ನ ಎರಡು ರೂಪಾಯಿ ನೀರಾಗಿತ್ತು. ಅಲ್ಲಿಂದ ಮುಂದೆ ಅವರ ತೋಟಕ್ಕೆ ಔಷಧಿ ಹೊಡೆದದ್ದು ನಾನೇ.

ಪಕ್ಕದ ಅಂಗಡಿಯವರು ರೇಟು ಇಳಿಸಿದರು, ಅದಕ್ಕೇ ನಾನೂ ಇಳಿಸಿದೆ ಅಂತ ಮನೆಯಲ್ಲಿ ಹೇಳಿದ್ದೇನೆ. ಅದು ಪೂರ್ತಿ ನಿಜವಲ್ಲ. ಅಪ್ಪ ಕೂತ ಗಲ್ಲಾದ ಮುಂದೆ ಅಷ್ಟು ಜನ "ಸಾವ್ಕಾರ್ರೇ, ನಂಗೆ ಮೊದಲು" ಅಂದರಲ್ಲ, ಅದು ನನಗೆ ಬೇಕಾಗಿತ್ತು. ಇಲ್ಲ ಅನ್ನಲು ಬಾಯಿ ಬರಲಿಲ್ಲ. ಲಾಭ ನೋಡದೆ ಮೂರು ತಿಂಗಳು ಪುಸ್ತಕ ಮುಚ್ಚಿಟ್ಟದ್ದೂ ಬಹುಶಃ ಅದಕ್ಕೇ. ಹೆಂಡತಿಗೆ ಇನ್ನೂ ಹೇಳಿಲ್ಲ. ಅವಳು ಇದನ್ನು ಓದುತ್ತಾಳೆ ಅಂತ ಈಗಷ್ಟೇ ನೆನಪಾಯ್ತು.

ಇರಲಿ. ಉದ್ರಿ ಪುಟದಲ್ಲಿ ನಿಮ್ಮ ಮನೆ ಹೆಸರೂ ಇದೆ, 40 ಕೆಜಿ. ನಿನ್ನಿಂದ ನನಗೆ ಬಂದ ಲಾಭ 80 ರೂಪಾಯಿ, ಮೂರು ತಿಂಗಳಿಗೆ ನಾನು ಕಟ್ಟಿದ ಬಡ್ಡಿ 338. ಕೊಡೆಯ ಲೆಕ್ಕ ಬೇರೆ. ಬರುವಾಗ ದುಡ್ಡು, ಕೊಡೆ ಎರಡನ್ನೂ ತಾ.

ಇತಿ ನಿನ್ನ,
ಸಾವ್ಕಾರ