ನಿಮ್ಮ ಲೆಕ್ಕದ ಫೋಲ್ಡರ್ ಇನ್ನು ಸಿಂಕ್‌ಥಿಂಗ್‌ನಲ್ಲಿ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ನಿಮ್ಮ ಅಂಗಡಿ ಮತ್ತು ಮನೆಯ ಕಂಪ್ಯೂಟರ್‌ಗಳಲ್ಲಿ ಲೆಕ್ಕದ ಫೋಲ್ಡರ್ ಒಂದೇ ಥರ ಇರಲಿ ಎಂದು ಇಷ್ಟು ದಿನ ಕ್ಲೌಡ್ ಬಳಸುತ್ತಿದ್ದೆವು. ಮುಂದಿನ ತಿಂಗಳಿಂದ ಆ ಕೆಲಸ ಸಿಂಕ್‌ಥಿಂಗ್ ಎಂಬ ಸಾಫ್ಟ್‌ವೇರ್ ಮಾಡುತ್ತದೆ. ಫೈಲು ಇನ್ನು ಯಾರ ಸರ್ವರ್‌ನಲ್ಲೂ ಕೂರುವುದಿಲ್ಲ, ನಿಮ್ಮ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ನೇರ ಹೋಗುತ್ತದೆ. ನೇರ ದಾರಿ ಸಿಗದಿದ್ದರೆ ಮಧ್ಯೆ ಒಂದು ರಿಲೇ ಸರ್ವರ್ ದಾಟಿಸುತ್ತದೆ. ಅದಕ್ಕೂ ಒಳಗಿರುವುದನ್ನು ಓದಲು ಆಗುವುದಿಲ್ಲ.

ಒಂದು ವಿಷಯ ಮಾತ್ರ ಗಮನದಲ್ಲಿರಲಿ. ಎರಡೂ ಕಂಪ್ಯೂಟರ್ ಒಟ್ಟಿಗೆ ಆನ್ ಇದ್ದಾಗಷ್ಟೇ ಫೈಲು ದಾಟುತ್ತದೆ. ತೊಡಕು ಬರುವುದೂ ಇಲ್ಲೇ.

ಚಿಕ್ಕಪೇಟೆಯ ಒಂದು ಸೀರೆ ಅಂಗಡಿ ಅಂದುಕೊಳ್ಳಿ. ಯಜಮಾನರು ರಾತ್ರಿ ವಿಜಯನಗರದ ಮನೆಯಲ್ಲಿ ದರಪಟ್ಟಿ ತೆಗೆದು ಇಳಕಲ್ ಸೀರೆಯ ದರ ಬದಲಿಸಿ ಲ್ಯಾಪ್‌ಟಾಪ್ ಮುಚ್ಚಿದರು. ಅಂಗಡಿಯ ಕಂಪ್ಯೂಟರ್ ಆಗ ಆಫ್ ಆಗಿತ್ತು. ಬೆಳಿಗ್ಗೆ ಮಗ ಅಂಗಡಿಯಲ್ಲಿ ಅದೇ ಪಟ್ಟಿಗೆ ಹೊಸ ಮಾಲು ಸೇರಿಸಿದ. ಮಧ್ಯಾಹ್ನ ಲ್ಯಾಪ್‌ಟಾಪ್ ತೆರೆದಾಗ ಫೋಲ್ಡರ್‌ನಲ್ಲಿ ಎರಡು ಫೈಲು:

```
rates.ods
rates.sync-conflict-20260312-130542-K7QW2ZP.ods
```

ಕೊನೆಗೆ ಸೇವ್ ಆದ ಮಗನ ಪಟ್ಟಿಗೆ ಮೂಲ ಹೆಸರು ಉಳಿಯಿತು. ಅಪ್ಪನ ಪಟ್ಟಿ ಅಳಿಸಿ ಹೋಗಿಲ್ಲ, ಉದ್ದ ಹೆಸರಿನಲ್ಲಿ ಪಕ್ಕದಲ್ಲೇ ಇದೆ. ಹೆಸರಿನಲ್ಲಿರುವ ಸಮಯ ಘರ್ಷಣೆ ಗೊತ್ತಾದ ಹೊತ್ತು, ತಿದ್ದಿದ ಹೊತ್ತಲ್ಲ. ಹಾಗಾಗಿ ಹೆಸರು ನೋಡಿ ಯಾರದ್ದು ಎಂದು ಊಹಿಸಬೇಡಿ, ತೆರೆದೇ ನೋಡಿ.

ಸರಿಪಡಿಸುವ ಕೆಲಸ ಒಬ್ಬರೇ, ಒಂದೇ ಕಂಪ್ಯೂಟರ್‌ನಲ್ಲಿ ಮಾಡಲಿ. ಎರಡೂ ಫೈಲು ತೆರೆದು, ಉದ್ದ ಹೆಸರಿನದರಲ್ಲಿ ಮಾತ್ರ ಇರುವ ಇಳಕಲ್ ದರವನ್ನು `rates.ods`ಗೆ ಹಾಕಿ ಸೇವ್ ಮಾಡಿ. ಆಮೇಲೆ ಉದ್ದ ಹೆಸರಿನ ಫೈಲನ್ನು ಅಳಿಸಿ. ಇನ್ನೊಂದು ಕಡೆಯೂ ಅದು ತಾನಾಗೇ ಹೋಗುತ್ತದೆ. ಸುಮ್ನೆ ಕಸ ಅಂತ ಮೊದಲೇ ಅಳಿಸಿದರೆ ಅಪ್ಪನ ಕೆಲಸ ಹೋಯಿತು ಅಷ್ಟೇ.

ಯಾವುದು ಹೊಸದು ಎಂದು ತೀರ್ಮಾನವಾಗುವುದು ಫೈಲಿನ ಸಮಯದಿಂದ. ಹಳೆ ಕಂಪ್ಯೂಟರ್‌ನ ಒಳಗಿನ ಚಿಕ್ಕ ಬ್ಯಾಟರಿ ಸತ್ತು, ಕರೆಂಟ್ ಹೋದಾಗೆಲ್ಲ ಗಡಿಯಾರ ಹಿಂದೆ ಓಡಿದರೆ ಹಳೆಯ ಪಟ್ಟಿಯೇ ಮೂಲ ಹೆಸರಲ್ಲಿ ಕೂರಬಹುದು. ಅಂಥ ಬ್ಯಾಟರಿ ಕಂಡರೆ ಸಿಂಕ್‌ಥಿಂಗ್ ಹಾಕಲು ಬಂದಾಗಲೇ ಬದಲಿಸುತ್ತೇವೆ.

ಅಂಗಡಿ ಮುಚ್ಚುವ ಮುಂಚೆ ಬ್ರೌಸರ್‌ನಲ್ಲಿ `127.0.0.1:8384` ತೆರೆಯಿರಿ. ಇನ್ನೊಂದು ಕಂಪ್ಯೂಟರ್ ಕನೆಕ್ಟ್ ಆಗಿದ್ದು, ಅದರ ಹೆಸರಿನ ಮುಂದೆ ಹಸಿರಲ್ಲಿ `Up to Date` ಅಂತ ಇದ್ದರೆ ಆಫ್ ಮಾಡಬಹುದು. `Disconnected` ಅಂತಿದ್ದರೆ ಮನೆಗೆ ಒಂದು ಫೋನ್ ಮಾಡಿ, ಲ್ಯಾಪ್‌ಟಾಪ್ ತೆರೆಯಲು ಹೇಳಿ.

ಒಂದು ಕಡೆ ಅಳಿಸಿದ್ದು ಎರಡೂ ಕಡೆ ಅಳಿಯುತ್ತದೆ, ಅಲ್ವಾ? ಆದ್ದರಿಂದ ಶನಿವಾರದ ಹಾರ್ಡ್‌ಡಿಸ್ಕ್ ಬ್ಯಾಕಪ್ ಎಂದಿನಂತೆ ನಡೆಯಲಿ.

ಇಂತಿ,
ನಿಮ್ಮ ಕಂಪ್ಯೂಟರ್ ಸೇವಾ ತಂಡ, ಬೆಂಗಳೂರು