ಶುಕ್ರವಾರದ ಊಟಕ್ಕೆ ರೋಸ್ಟ್: ಬರೆಯುವವರು ಓದಿ

ಎಲ್ಲರಿಗೂ ನಮಸ್ಕಾರ. ಶುಕ್ರವಾರ ಮಧ್ಯಾಹ್ನ 1:30ಕ್ಕೆ ತಂಡದ ಊಟ. ಚಿತ್ರದುರ್ಗದಿಂದ ಬಂದ ನಮ್ಮ ಹೊಸಬರನ್ನು ಸ್ವಲ್ಪ ಕಾಲೆಳೆಯೋಣ. ಅವರನ್ನು ಕೇಳಿದ್ದೇನೆ, ಖುಷಿಯಿಂದ ಒಪ್ಪಿದ್ದಾರೆ.

ಅವರೇ ಎಲ್ಲರ ಮುಂದೆ ಹೇಳಿದ್ದು ಅಥವಾ ಆಫೀಸಲ್ಲಿ ಎಲ್ಲರೂ ಕಂಡಿದ್ದು ಮಾತ್ರ ಬಳಸಿ. ಫೇಸ್‌ಬುಕ್‌ನ ಹಳೇ ಫೋಟೋ ಹುಡುಕಿ ತರಬೇಡಿ. ಅದು ಎಲ್ಲರಿಗೂ ಕಾಣುತ್ತದೆ ನಿಜ, ಆದರೆ ಅವರು ನಮಗೆ ಹೇಳಿದ್ದಲ್ಲ. ಸಂಬಳ, ಮೈಕಟ್ಟು, ಜಾತಿ, ಮದುವೆ, ಹಳೇ ಕೆಲಸ ಬೇಡವೇ ಬೇಡ.

ಒಂದು ಉದಾಹರಣೆ. ಊರು ದುರ್ಗ ಅಂತ ಅವರೇ ಹೇಳಿದ್ದಾರೆ. "ಕಲ್ಲಿನ ಕೋಟೆಯವರು, ತಲೆಯೂ ಕಲ್ಲು" ಅಂದರೆ ಅದು ಬೈಗುಳ, ನಗು ಬರಲ್ಲ. "ಏಳು ಸುತ್ತಿನ ಕೋಟೆ ದಾಟಿ ಬಂದವರಿಗೆ ನಮ್ಮ ಗಾಜಿನ ಬಾಗಿಲು ತಳ್ಳಬೇಕೋ ಎಳೆಯಬೇಕೋ ಇನ್ನೂ ಗೊತ್ತಾಗಿಲ್ಲ" ಅನ್ನಿ. ದೊಡ್ಡ ವಿಷಯ ಮೊದಲು, ಪುಟ್ಟ ಪೇಚಾಟ ಕೊನೆಗೆ. ನಗು ಬರೋ ಮಾತು ವಾಕ್ಯದ ತುದಿಯಲ್ಲೇ ಇರಲಿ, ಆಮೇಲೆ ವಿವರಣೆ ಬೇಡ.

ಕೊನೆಯ ಏಟು ನಮ್ಮ ಮೇಲೇ ಬೀಳಲಿ: "ಹೊರಗಿನವರು ಅಂತೀವಿ, 1997ರ ತನಕ ನಮ್ಮ ದಾವಣಗೆರೆಯೇ ಇವರ ಜಿಲ್ಲೆಯಲ್ಲಿತ್ತು!"

ಒಬ್ಬರಿಗೆ ಒಂದೇ ನಿಮಿಷ, ಅಂದರೆ ಏಳೆಂಟು ಸಾಲು. ಬುಧವಾರ ಸಂಜೆಯೊಳಗೆ ನನಗೆ ಪರ್ಸನಲ್ ಆಗಿ ಕಳಿಸಿ. ಇಲ್ಲಿ ಹಾಕಬೇಡಿ, ಅವರೂ ಈ ಗುಂಪಲ್ಲೇ ಇದ್ದಾರೆ ಅಲ್ವಾ! ಒಂದೇ ಜೋಕ್ ಇಬ್ಬರು ಬರೆದಿದ್ದರೆ ಮೊದಲು ಕಳಿಸಿದವರಿಗೆ. ಕೊನೆಗೆ ತಿರುಗಿಸಿ ಕೊಡಲು ಅವರಿಗೆ ಎರಡು ನಿಮಿಷ.

ಮಾತಾಡುವವರು ಇಲ್ಲಿ 👍 ಹಾಕಿ.